ಚೌಕಟ್ಟಿನ ಅಳತೆ, ಬ್ರಾಕೆಟ್ಟಿನ ಅಳತೆ: ಡ್ರಾಯಿಂಗ್ ಓದುವುದು ಹೇಗೆ?

ಡ್ರಾಯಿಂಗ್ ಕೈಗೆ ಬಂದ ಕೂಡಲೇ ಕಾಣುವ ಪ್ರತಿ ಅಂಕಿಗೂ ಬಲೂನ್, ಅಂದರೆ ಪರೀಕ್ಷೆಗಾಗಿ ವೃತ್ತದೊಳಗಿನ ಕ್ರಮಸಂಖ್ಯೆ, ಹಾಕಿ, ಟೈಟಲ್ ಬ್ಲಾಕಿನ ಸಾಮಾನ್ಯ ಟಾಲರೆನ್ಸ್ ಬರೆದುಬಿಡುವ ಅಭ್ಯಾಸ ಅನೇಕ ವರ್ಕ್‌ಶಾಪ್‌ಗಳಲ್ಲಿದೆ. ಇದರಿಂದ ಒಳ್ಳೆಯ ಪೀಸ್ ರಿಜೆಕ್ಟ್ ಆಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಕೆಟ್ಟ ಪೀಸ್ ಪಾಸ್ ಆಗಿ ಗ್ರಾಹಕರ ಬಳಿಗೆ ಹೋಗುತ್ತದೆ.

ಒಂದು ಅಲ್ಯೂಮಿನಿಯಂ ಪ್ಲೇಟ್ ತೆಗೆದುಕೊಳ್ಳೋಣ. ಅಳತೆಗೆ ಆಧಾರವಾಗುವ ಡೇಟಮ್‌ಗಳು ಮೂರು: ಅಡಿಯ ಮುಖ ಡೇಟಮ್ ಎ, ಎಡ ಅಂಚು ಡೇಟಮ್ ಬಿ, ಕೆಳ ಅಂಚು ಡೇಟಮ್ ಸಿ. ಅದರಲ್ಲಿ 8 ಮಿ.ಮೀ.ನ ಎರಡು ರಂಧ್ರಗಳಿವೆ. ಮೊದಲ ರಂಧ್ರಕ್ಕೆ ಬಿ ಇಂದ 20, ಸಿ ಇಂದ 15 ಎಂದು ಬರೆದು ಎರಡೂ ಅಂಕಿಗಳ ಸುತ್ತ ಚೌಕಟ್ಟು ಹಾಕಿದ್ದಾರೆ. ಅಲ್ಲಿಂದ ಅದೇ ಸಾಲಿನಲ್ಲಿರುವ ಎರಡನೇ ರಂಧ್ರಕ್ಕೆ 50, ಅದಕ್ಕೂ ಚೌಕಟ್ಟು. ಟೈಟಲ್ ಬ್ಲಾಕಿನಲ್ಲಿ ಸಾಮಾನ್ಯ ಟಾಲರೆನ್ಸ್ ±0.1.

ಮೊದಲ ಹೆಜ್ಜೆ: ಚೌಕಟ್ಟು ಕಂಡರೆ ಆ ±0.1 ಅನ್ನು ಮರೆತುಬಿಡಿ. ಚೌಕಟ್ಟಿನೊಳಗಿನದು ಬೇಸಿಕ್ ಡೈಮೆನ್ಷನ್. ರಂಧ್ರದ ಕೇಂದ್ರ ಕರಾರುವಾಕ್ಕಾಗಿ ಎಲ್ಲಿರಬೇಕು ಅಂತ ಅದು ಹೇಳುತ್ತದೆ, ಅಷ್ಟೇ. ಎಷ್ಟು ಆಚೀಚೆ ಆಗಬಹುದು ಎಂಬುದು ಬೇರೆ ಕಡೆ ಇರುತ್ತದೆ.

ಎರಡನೇ ಹೆಜ್ಜೆ: ಆ ‘ಬೇರೆ ಕಡೆ’ಯನ್ನು ಹುಡುಕಿ. ರಂಧ್ರದ ವ್ಯಾಸ ಬರೆದ ಕಡೆಯೇ ಕೆಳಗೆ ಕಂಟ್ರೋಲ್ ಫ್ರೇಮ್ ಇರುತ್ತದೆ. ನಮ್ಮ ಪ್ಲೇಟ್‌ನಲ್ಲಿ ಅದು ಪೊಸಿಷನ್, ವ್ಯಾಸ 0.2, ಡೇಟಮ್ ಎ, ಬಿ, ಸಿ ಎನ್ನುತ್ತದೆ. ಬಲೂನ್ ಹಾಕಬೇಕಾದದ್ದು ಈ ಫ್ರೇಮಿಗೆ. 20, 15, 50 ಇವುಗಳಿಗೆ ಬೇರೆ ಬೇರೆಯಾಗಿ ಪಾಸ್, ಫೇಲ್ ಇಲ್ಲ.

ಮೂರನೇ ಹೆಜ್ಜೆ: ಅಳೆದು ಲೆಕ್ಕ ಹಾಕಿ. ಸಿಎಂಎಂ ಎಂಬ ನಿರ್ದೇಶಾಂಕ ಅಳೆಯುವ ಯಂತ್ರದಲ್ಲಿ ಡೇಟಮ್ ಕ್ರಮ ಹಿಡಿದು ಅಳೆದಾಗ ಮೊದಲ ರಂಧ್ರ 20.09, 15.07 ಬಂತು ಎನ್ನಿ. ±0.1 ಹಚ್ಚಿ ನೋಡುವವರಿಗೆ ಎರಡೂ ಸರಿ. ಆದರೆ ಪೊಸಿಷನ್ ಲೆಕ್ಕ ಹೀಗೆ:

2 × √(0.09² + 0.07²) = 0.228

0.2 ದಾಟಿತು, ರಂಧ್ರ ಫೇಲ್. ಯಾಕೆಂದರೆ ಕೇಂದ್ರಕ್ಕೆ ಕೊಟ್ಟ ಜಾಗ 0.2 ವ್ಯಾಸದ ವೃತ್ತ. ±0.1 ಎಂದರೆ ಆ ವೃತ್ತದ ಸುತ್ತ ಕೂರುವ ಚೌಕ. ಚೌಕದ ಮೂಲೆಗಳು ವೃತ್ತದ ಹೊರಗಿರುತ್ತವೆ. ನಮ್ಮ ರಂಧ್ರ ಸಿಕ್ಕಿಬಿದ್ದದ್ದು ಅಂಥ ಒಂದು ಮೂಲೆಯಲ್ಲಿ.

ಬರೆದುಕೊಳ್ಳುವ ಮುನ್ನ ಫ್ರೇಮಿನಲ್ಲಿ 0.2ರ ಪಕ್ಕ ವೃತ್ತದೊಳಗೆ ‘ಎಂ’ ಇದೆಯಾ ನೋಡಿ. ಇದ್ದರೆ ರಂಧ್ರ ತನ್ನ ಕನಿಷ್ಠ ವ್ಯಾಸಕ್ಕಿಂತ ಎಷ್ಟು ದೊಡ್ಡದೋ ಅಷ್ಟು ಹೆಚ್ಚುವರಿ ಸಿಗುತ್ತದೆ. ಕನಿಷ್ಠ 8.00 ಇದ್ದು, ರಂಧ್ರ 8.10 ಬಂದಿದ್ದರೆ ಮಿತಿ 0.30 ಆಗುತ್ತದೆ. ಆಗ ಇದೇ ರಂಧ್ರ ಪಾಸ್.

ಎರಡನೇ ರಂಧ್ರವನ್ನು ಮೊದಲ ರಂಧ್ರದಿಂದ ಅಳೆಯಬೇಡಿ. ಮೊದಲನೆಯದರ ತಪ್ಪು ಇದರ ಲೆಕ್ಕಕ್ಕೂ ಸೇರಿಬಿಡುತ್ತದೆ. ಬೇಸಿಕ್ ಅಳತೆಗಳನ್ನು ಕೂಡಿದಾಗ ಟಾಲರೆನ್ಸ್ ಬೆಳೆಯುವುದಿಲ್ಲ. 20 ಮತ್ತು 50 ಸೇರಿ ಬಿ ಇಂದ ನಿಖರ 70. ಅಲ್ಲಿಂದಲೇ ನೋಡಿ.

ಈಗ ಬ್ರಾಕೆಟ್ಟಿಗೆ ಬರೋಣ. ಅದೇ ಪ್ಲೇಟ್‌ನಲ್ಲಿ ಎಡ ಅಂಚಿನಿಂದ ಮೆಟ್ಟಿಲಿಗೆ 40 ±0.1, ಮೆಟ್ಟಿಲಿನಿಂದ ಬಲ ಅಂಚಿಗೆ 60 ±0.1, ಒಟ್ಟು ಉದ್ದ (100). ಬ್ರಾಕೆಟ್ಟಿನ 100 ರೆಫರೆನ್ಸ್ ಅಳತೆ, ಮಾಹಿತಿಗಷ್ಟೇ ಕೊಟ್ಟದ್ದು. ಹಳೆಯ ಡ್ರಾಯಿಂಗ್‌ಗಳಲ್ಲಿ ಬ್ರಾಕೆಟ್ ಬದಲು ರೆಫ್ ಎಂದು ಬರೆದಿರುವುದೂ ಉಂಟು. ಪೀಸ್ ಅಳೆದರೆ 40.08 ಮತ್ತು 60.07, ಒಟ್ಟು 100.15. ಇದಕ್ಕೂ ±0.1 ಹಚ್ಚಿದರೆ ರಿಜೆಕ್ಟ್. ಆದರೆ ಎರಡು ಭಾಗಗಳೂ ಮಿತಿಯೊಳಗಿವೆ. ಅವುಗಳ ಲೆಕ್ಕದಲ್ಲಿ ಒಟ್ಟು ಉದ್ದ 99.8ರಿಂದ 100.2 ಆಗಬಹುದು. ಪೀಸ್ ಸರಿಯಾಗಿಯೇ ಇದೆ.

ಅಂದರೆ ಬ್ರಾಕೆಟ್ ಕಂಡಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಹಿಡಿದಿಡುವ ಅಳತೆ ಎಲ್ಲಿದೆ? ಇಲ್ಲಿ 40 ಮತ್ತು 60 ಸಿಕ್ಕವು. ಅವುಗಳಿಗೆ ಬಲೂನ್ ಹಾಕಿ, 100 ಅನ್ನು ಬಿಡಿ. ಅಳತೆ ಇನ್ನೊಂದು ವ್ಯೂನಲ್ಲಿ ಟಾಲರೆನ್ಸ್ ಜೊತೆ ಇದ್ದರೆ ಅಲ್ಲಿಗೆ ಬಲೂನ್ ಹಾಕಿ. ಶೀಟಿನ ದಪ್ಪ (3) ಎಂದಿದ್ದರೆ ಮೆಟೀರಿಯಲ್ ನೋಟ್ ನೋಡಿ. ದಪ್ಪದ ಮಿತಿ ಆ ಶೀಟಿನ ಸ್ಟ್ಯಾಂಡರ್ಡ್‌ನಲ್ಲಿರುತ್ತದೆ. ಗ್ರಾಹಕರು ರೆಫರೆನ್ಸ್ ಅಳತೆಯನ್ನೂ ರಿಪೋರ್ಟ್‌ನಲ್ಲಿ ಕೇಳಿದರೆ ಬಂದ ಅಂಕಿ ಬರೆಯಿರಿ, ಪಾಸ್ ಅಂತಲೂ ಫೇಲ್ ಅಂತಲೂ ಗುರುತು ಹಾಕಬೇಡಿ.

ಒಂದು ಎಚ್ಚರ. ಕೆಲವರು ಮಿ.ಮೀ. ಪಕ್ಕ ಅದೇ ಅಳತೆಯ ಇಂಚನ್ನು ಬ್ರಾಕೆಟ್ಟಿನಲ್ಲಿ ಕೊಡುತ್ತಾರೆ. ಅದು ಬೇರೆ ವಿಷಯ. ಅಲ್ಲಿ ಮಿ.ಮೀ. ಅಳತೆಯನ್ನು ಪರೀಕ್ಷಿಸಲೇಬೇಕು.

ಕೆಲವೊಮ್ಮೆ ಎಷ್ಟು ಹುಡುಕಿದರೂ ಬ್ರಾಕೆಟ್ಟಿನ ಅಳತೆಯನ್ನು ಹಿಡಿದಿಡುವ ಬೇರೆ ಅಳತೆ ಸಿಗುವುದಿಲ್ಲ. ನಮ್ಮ ಪ್ಲೇಟ್‌ನಲ್ಲಿ 60 ±0.1 ಬಿಟ್ಟುಹೋಗಿದ್ದರೆ ಹಾಗೇ ಆಗುತ್ತಿತ್ತು. ಆಗ ಸುಮ್ನೆ ಬಿಡುವುದೂ ತಪ್ಪು, ನಾವೇ ±0.1 ಹಚ್ಚುವುದೂ ತಪ್ಪು. ಡಿಸೈನ್ ವಿಭಾಗಕ್ಕೆ ಬರೆದು ಕೇಳಿ. ಉತ್ತರವನ್ನು ಬಾಯಿಮಾತಿನಲ್ಲಿ ತೆಗೆದುಕೊಳ್ಳದೆ ಡ್ರಾಯಿಂಗ್‌ನ ಹೊಸ ರಿವಿಷನ್‌ನಲ್ಲೇ ಪಡೆಯಿರಿ.