ಮುಟ್ಟಿನ ಪಾಠಕ್ಕೂ ಮುನ್ನ ಪೋಷಕರ ಸಭೆ: ನಡೆಸುವುದು ಹೇಗೆ?

ಲೈಂಗಿಕ ಶಿಕ್ಷಣ ಎಂದೊಡನೆ ಪೋಷಕರು ಊಹಿಸಿಕೊಳ್ಳುವ ಪಾಠಕ್ಕೂ ಆರನೇ ತರಗತಿಯಲ್ಲಿ ನಡೆಯಬೇಕಾದ ಪಾಠಕ್ಕೂ ಹೋಲಿಕೆಯೇ ಇರುವುದಿಲ್ಲ. ಆದ್ದರಿಂದ ವಾದಕ್ಕಿಳಿಯುವ ಮೊದಲು ಪಾಠವನ್ನೇ ಅವರೆದುರು ಬಿಡಿಸಿಡುವುದು ಒಳ್ಳೆಯದು.

ಮೊದಲು ದಿನವನ್ನು ಗೊತ್ತುಮಾಡಿ. ಕೊಡಗಿನಲ್ಲಿ ಕಾಫಿ ಕೊಯ್ಲು ಆರಂಭವಾದರೆ ಲೈನ್‌ಮನೆಗಳ ತಾಯಂದಿರು ಬೆಳಿಗ್ಗೆ ತೋಟಕ್ಕೆ ಹೋದವರು ಸಂಜೆಗೇ ಮರಳುತ್ತಾರೆ. ಮಳೆ ಇಳಿದ ಮೇಲೆ, ಕೊಯ್ಲಿಗೆ ಮುನ್ನ, ಒಂದು ಭಾನುವಾರ ಸಭೆ ಕರೆದರೆ ತಂದೆ ತಾಯಿ ಇಬ್ಬರೂ ಬರಬಹುದು.

ಸಭೆಯಲ್ಲಿ ಯಾವ ವಯಸ್ಸಿಗೆ ಏನು ಎಂಬುದನ್ನು ತಿಳಿಸಿ. ಯುನೆಸ್ಕೊ 2018ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿ ಐದು ವರ್ಷದಿಂದ ಹದಿನೆಂಟು ದಾಟಿದವರವರೆಗೆ ನಾಲ್ಕು ಹಂತಗಳನ್ನು ಗುರುತಿಸುತ್ತದೆ. ಪುಟ್ಟ ಮಕ್ಕಳಿಗೆ ದೇಹದ ಅಂಗಗಳ ಸರಿಯಾದ ಹೆಸರು ಮತ್ತು ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ ನಂಬಿಕೆಯ ಹಿರಿಯರಿಗೆ ಹೇಳಬೇಕೆಂಬ ತಿಳಿವಳಿಕೆ ಸಾಕು. ಒಂಬತ್ತರಿಂದ ಹನ್ನೆರಡರ ಮಕ್ಕಳಿಗೆ ಪ್ರೌಢಾವಸ್ಥೆಯ ಬದಲಾವಣೆ, ಮುಟ್ಟು ಮತ್ತು ಹುಡುಗರಲ್ಲಿ ಆಗುವ ಸ್ವಪ್ನಸ್ಖಲನದ ವಿವರ ಬೇಕಾಗುತ್ತದೆ. ಗರ್ಭನಿರೋಧಕ, ಲೈಂಗಿಕ ಸೋಂಕುಗಳ ವಿಸ್ತಾರವಾದ ಪಾಠಗಳು ಮೇಲಿನ ತರಗತಿಗಳಿಗೆ ಸೇರಿದವು.

ಆಗ ಒಬ್ಬ ತಾಯಿ, "ನಮ್ಮ ಮಗಳಿಗಿನ್ನೂ ಹನ್ನೊಂದು, ಟೀಚರ್. ಈಗಲೇ ಇದೆಲ್ಲ ಯಾಕೆ?" ಎಂದು ಕೇಳಿದರೆ, "ನೀವು ಮೊದಲ ಸಲ ಮುಟ್ಟಾದಾಗ ನಿಮಗೆ ಯಾರು ಹೇಳಿದ್ದರಮ್ಮ?" ಎಂದು ಮೆಲ್ಲನೆ ಕೇಳಿ. ಗಾಯವಾಯಿತೆಂದು ಹೆದರಿದ ನೆನಪು ಹಲವರಲ್ಲಿರುತ್ತದೆ. ಸಾಮಾನ್ಯವಾಗಿ ಹನ್ನೆರಡು ಹದಿಮೂರಕ್ಕೆ ಆಗುವ ಮೊದಲ ಮುಟ್ಟು ಕೆಲವರಿಗೆ ಒಂಬತ್ತು ಹತ್ತಕ್ಕೇ ಆಗುವುದರಿಂದ, ಎಂಟನೇ ತರಗತಿವರೆಗೆ ಕಾದರೆ ಹಲವರಿಗೆ ಪಾಠ ತಡವಾಗಿ ಸಿಗುತ್ತದೆ. ಅನಂತರ ಬಳಸುವ ಚಿತ್ರಪಟ ಮತ್ತು ಪ್ಯಾಡನ್ನು ಅವರ ಕೈಗೇ ಕೊಡಿ. ನನ್ನ ಅನುಭವದಲ್ಲಿ ಅರ್ಧ ಆಕ್ಷೇಪ ಅಲ್ಲಿಗೇ ಕರಗುತ್ತದೆ.

"ಹೇಳಿಕೊಟ್ಟರೆ ಮಕ್ಕಳು ಹಾಳಾಗುತ್ತಾರೆ" ಎಂಬುದು ಎರಡನೆಯ, ಹೆಚ್ಚು ಗಟ್ಟಿಯಾದ ಆಕ್ಷೇಪ. ಇದನ್ನು ನಗೆಯಾಡದೆ ಕೇಳಿಸಿಕೊಳ್ಳಬೇಕು. ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿದ ಯುನೆಸ್ಕೊ, ಇಂಥ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ ಎಂದಿದೆ. ಜತೆಗೆ, ಮನೆಯಲ್ಲೂ ಶಾಲೆಯಲ್ಲೂ ಉತ್ತರ ಸಿಗದ ಮಗು ಅದನ್ನು ಮೊಬೈಲಿನಲ್ಲಿ ಹುಡುಕುತ್ತದೆ ಎಂಬುದನ್ನು ಪೋಷಕರು ತಾವೇ ಬಲ್ಲರು.

ಪಾಠದ ದಿನ ಹುಡುಗರನ್ನು ಮೈದಾನಕ್ಕೆ ಕಳಿಸಿಬಿಡುವುದು ಹಲವು ಶಾಲೆಗಳು ಮಾಡುವ ತಪ್ಪು. ಮರುದಿನ ಹುಡುಗಿಯರ ಬ್ಯಾಗಿನಲ್ಲಿ ಪ್ಯಾಡ್ ಹುಡುಕುವ ಚೇಷ್ಟೆ ಶುರುವಾದರೆ ಕಾರಣ ಅದೇ ಎಂದು ತಿಳಿಯಿರಿ. ಬೇಕಿದ್ದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ಆದರೆ ಇಬ್ಬರಿಗೂ ಅದೇ ಪಾಠ ಮಾಡಿ. ಹೆಸರಿಲ್ಲದ ಚೀಟಿಗಳಲ್ಲಿ ಪ್ರಶ್ನೆ ಬರೆಸಿಕೊಂಡರೆ ನಾಚಿಕೆಯವರೂ ಕೇಳುತ್ತಾರೆ.

ಇಂಥ ಪಾಠದ ನಂತರ ಮಗುವೊಂದು ತನ್ನ ಮೇಲಾದ ದೌರ್ಜನ್ಯವನ್ನು ಹೇಳಿಕೊಳ್ಳಬಹುದು. 2012ರ ಪೋಕ್ಸೊ ಕಾಯ್ದೆಯಂತೆ ಶಿಕ್ಷಕರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಮನೆಯವರು ಬೇಡವೆಂದರೂ ಮುಚ್ಚಿಡುವಂತಿಲ್ಲ. ಈ ಮಾತನ್ನೂ 1098 ಸಹಾಯವಾಣಿಯ ಸಂಖ್ಯೆಯನ್ನೂ ಆ ಭಾನುವಾರದ ಸಭೆಯಲ್ಲಿಯೇ ಹೇಳಿಬಿಡಿ.