ನಗದಿಗೆ ಕೊಂಡ ಚಿನ್ನಕ್ಕೆ ನೋಟಿಸ್ ಬಂದರೆ ಉತ್ತರ ಬರೆಯುವುದು ಹೇಗೆ?

ಲೆಕ್ಕಪರಿಶೋಧನೆಗೆ ಒಳಪಡುವ ಚಿನ್ನದ ಅಂಗಡಿಯವರು ಎರಡು ಲಕ್ಷ ರೂಪಾಯಿಗಿಂತ ಹೆಚ್ಚಿನ ನಗದು ಪಡೆದು ಆಭರಣ ಮಾರಿದರೆ, ಅದರ ವಿವರವನ್ನು ಕೊಂಡವರ ಪ್ಯಾನ್ ಸಮೇತ ಆದಾಯ ತೆರಿಗೆ ಇಲಾಖೆಗೆ ವರದಿ ಮಾಡಬೇಕು. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಭತ್ತ ಬೆಳೆಯುವ ಮನೆಗಳಲ್ಲಿ ಮದುವೆಯ ಚಿನ್ನದ ಬಿಲ್ಲಿಗೆ ಸಾಮಾನ್ಯವಾಗಿ ಮನೆಯೊಡತಿಯ ಪ್ಯಾನ್ ಕೊಟ್ಟಿರುತ್ತಾರೆ. ಅವರು ರಿಟರ್ನ್ಸ್ ಸಲ್ಲಿಸುವವರಲ್ಲ. ಹೀಗಾಗಿ ಒಂದೆರಡು ವರ್ಷಗಳ ನಂತರ, ಈ ಹಣ ಎಲ್ಲಿಂದ ಬಂತೆಂದು ಕೇಳುವ ನೋಟಿಸ್ ಅವರ ಹೆಸರಿಗೇ ಬರುತ್ತದೆ. ‘ಹಿರಿಯರಿಂದ ಬಂದ ಹಣ’ ಎಂದು ಒಂದು ಸಾಲು ಬರೆದು, ಪಹಣಿಯ ಪ್ರತಿಯೊಂದನ್ನು ಲಗತ್ತಿಸಿ ಸುಮ್ಮನಾದ ಕುಟುಂಬಗಳು ತೆರಿಗೆ ಕಟ್ಟಬೇಕಾಗಿ ಬಂದುದನ್ನು ಹಲವು ಬಾರಿ ಕಂಡಿದ್ದರಿಂದ ಈ ಲೇಖನ.

ಮೊದಲು ಇಲಾಖೆಯ ಇ-ಫೈಲಿಂಗ್ ಜಾಲತಾಣದಲ್ಲಿ ನೋಟಿಸಿನ ದಾಖಲೆ ಸಂಖ್ಯೆಯನ್ನು ಹಾಕಿ ಅದು ಅಸಲಿಯೇ ಎಂದು ನೋಡಿರಿ. ಯಾವ ಕಲಮಿನಡಿ, ಯಾವ ವರ್ಷಕ್ಕೆ, ಯಾವ ದಿನಾಂಕದೊಳಗೆ ಎಂಬುದನ್ನು ಬರೆದಿಟ್ಟುಕೊಳ್ಳಿರಿ. ಸಮಯ ಸಾಲದಿದ್ದರೆ ಗಡುವಿಗೆ ಮುಂಚೆಯೇ ಕಾಲಾವಕಾಶ ಕೇಳಿರಿ.

ಎರಡನೆಯದಾಗಿ, ನೋಟಿಸಿನಲ್ಲಿರುವ ಮೊತ್ತವನ್ನು ಬಿಲ್ಲಿನ ಜೊತೆ ಹೋಲಿಸಿರಿ. ಒಂದು ಮನೆಯ ಲೆಕ್ಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸಿಂಧನೂರು ತಾಲ್ಲೂಕಿನ ಗೃಹಿಣಿಯೊಬ್ಬರು ಮಗಳ ಮದುವೆಗೆ 2023ರ ಫೆಬ್ರವರಿ 10ರಂದು 7,10,000 ರೂಪಾಯಿಯ ಆಭರಣ ಕೊಂಡರು. ನೋಟಿಸಿನಲ್ಲಿ ಇಡೀ ಮೊತ್ತ ನಗದು ಎಂದಿದೆ. ಆದರೆ ಬಿಲ್ಲಿನ ಕೆಳಭಾಗದಲ್ಲಿ ಹಳೆಯ ಚಿನ್ನಕ್ಕೆ 2,20,000 ಕಳೆದು, ನಗದು 4,90,000 ಎಂದು ಬರೆದಿದೆ. ಹಳೆಯ ಚಿನ್ನದ ಬೆಲೆಯನ್ನೂ ಅಂಗಡಿಯವರು ನಗದಿನ ಸಾಲಿಗೇ ಸೇರಿಸಿಬಿಡುವುದು ಉಂಟು. ಆದ್ದರಿಂದ ಬಿಲ್ಲಿನ ಜೊತೆಗೆ ಹಳೆಯ ಚಿನ್ನದ ತೂಕದ ಚೀಟಿಯನ್ನೂ ಅಂಗಡಿಯಿಂದ ಪಡೆಯಿರಿ. ಬಿಲ್ಲನ್ನು ಈಗ ಎರಡು ಮೂರು ಭಾಗ ಮಾಡಿಕೊಡಿ ಎಂದು ಮಾತ್ರ ಕೇಳಬೇಡಿರಿ. ಒಬ್ಬರಿಂದ ಒಂದೇ ದಿನ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯಬಾರದೆಂಬ ಕಲಂ 269ಎಸ್‌ಟಿ ದಂಡ ಹಾಕುವುದು ಹಣ ಪಡೆದವರಿಗೆ. ಅದನ್ನು ಮುಚ್ಚಲು ಬಿಲ್ಲು ತಿದ್ದಿಸಿದರೆ ಸುಳ್ಳು ದಾಖಲೆಯ ಹೊಣೆ ನಿಮ್ಮ ಮೇಲೂ ಬರುತ್ತದೆ.

ಹಳೆಯ ಚಿನ್ನ ಅತ್ತೆಯವರದು ಎನ್ನುವುದಾದರೆ ಅವರ ಮರಣ ಪತ್ರ, ವಂಶವೃಕ್ಷ, ಅವರು ಆ ಬೋರಮಾಳ ಹಾಕಿಕೊಂಡಿರುವ ಹಳೆಯ ಫೋಟೋ ಇವು ಉಪಯುಕ್ತ. ವಿವಾಹಿತ ಸ್ತ್ರೀಗೆ 500 ಗ್ರಾಂ, ಅವಿವಾಹಿತೆಗೆ 250 ಗ್ರಾಂ, ಪುರುಷರಿಗೆ 100 ಗ್ರಾಂ ಎಂಬ 1994ರ ಸೂಚನೆಯನ್ನು ಅನೇಕರು ಇಡೀ ನೋಟಿಸಿಗೆ ಉತ್ತರವೆಂದು ಬರೆಯುತ್ತಾರೆ. ಆ ಸೂಚನೆ ಹೊರಟದ್ದು, ಶೋಧದ ವೇಳೆ ಅಷ್ಟರವರೆಗಿನ ಆಭರಣವನ್ನು ಜಪ್ತಿ ಮಾಡಬಾರದು ಎಂದು ಹೇಳಲಿಕ್ಕೆ. ಮನೆಯಲ್ಲಿ ಹಳೆಯ ಚಿನ್ನ ಇದ್ದುದು ಸಹಜವೆಂದು ತೋರಿಸಲು ಅದು ನೆರವಾದೀತು. ಫೆಬ್ರವರಿ 10ರಂದು ಎಣಿಸಿಕೊಟ್ಟ ನೋಟುಗಳಿಗೆ ಅದು ಉತ್ತರವಾಗದು.

ಉಳಿದ 4,90,000 ರೂಪಾಯಿಯ ಲೆಕ್ಕವೇ ಕಠಿಣವಾದ ಹಂತ. ಬಹುತೇಕರು ಎಡವುವುದು ಇಲ್ಲಿಯೇ. ಆಸ್ತಿ ನಿಮ್ಮದೆಂದು ತೋರಿಸುವ ಕಾಗದ ಬೇರೆ, ಆ ದಿನ ನಿಮ್ಮ ಕೈಯಲ್ಲಿ ನಗದು ಇತ್ತೆಂದು ತೋರಿಸುವ ಕಾಗದ ಬೇರೆ. ಅಧಿಕಾರಿಗೆ ಎರಡನೆಯದು ಬೇಕು. ಅದಕ್ಕಾಗಿ ತಾರೀಖಿನ ಕ್ರಮದಲ್ಲಿ ಒಂದು ನಗದು ಲೆಕ್ಕಪಟ್ಟಿ ಬರೆಯಬೇಕು. ನಮ್ಮ ಉದಾಹರಣೆಯಲ್ಲಿ ಅದು ಹೀಗಿರುತ್ತದೆ:

2022 ನವೆಂಬರ್ 14: ಅತ್ತೆಯವರ ಠೇವಣಿಯ ಹಣದಿಂದ ತೆಗೆದದ್ದು 2,00,000, ಕೈಯಲ್ಲಿ 2,00,000
2023 ಜನವರಿ 9: ಅದೇ ಖಾತೆಯಿಂದ 1,00,000, ಕೈಯಲ್ಲಿ 3,00,000
ಜನವರಿ 20: ಭತ್ತದ ಹಣ, ಪತಿಯ ಖಾತೆಯಿಂದ 1,20,000, ಕೈಯಲ್ಲಿ 4,20,000
ಫೆಬ್ರವರಿ 2: ಸ್ತ್ರೀಶಕ್ತಿ ಸಂಘದ ಉಳಿತಾಯ 45,000, ಕೈಯಲ್ಲಿ 4,65,000
ಮನೆಯ ಉಳಿತಾಯ 25,000, ಒಟ್ಟು 4,90,000
ಫೆಬ್ರವರಿ 10: ಅಂಗಡಿಗೆ ಕೊಟ್ಟದ್ದು 4,90,000

ಮನೆಯ ಉಳಿತಾಯವೊಂದನ್ನು ಬಿಟ್ಟು ಪ್ರತಿ ಸಾಲಿನ ಹಿಂದೆಯೂ ಒಂದು ಕಾಗದವಿರಬೇಕು. ಠೇವಣಿಯ ಸಾಲನ್ನೇ ನೋಡಿರಿ. ಬ್ಯಾಂಕು 3,05,000 ರೂಪಾಯಿಯನ್ನು ನಾಮಿನಿಯಾದ ಅತ್ತೆಯವರ ಮಗನ, ಅಂದರೆ ಗೃಹಿಣಿಯ ಪತಿಯ ಖಾತೆಗೆ ಜಮೆ ಮಾಡಿದೆ. ನಾಮಿನಿ ಹಣ ಪಡೆಯುವವನೇ ಹೊರತು ಅದರ ಪೂರ್ಣ ಒಡೆಯನಲ್ಲ. ವಿಧವೆಯಾಗಿದ್ದ ಅತ್ತೆಯವರು ಉಯಿಲು ಬರೆಯದೆ ತೀರಿಕೊಂಡಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮಗ ಮತ್ತು ಮಗಳು ವಾರಸುದಾರರು, ಸೊಸೆ ಅಲ್ಲ. ಆದರೆ ನೋಟಿಸ್ ಬಂದಿರುವುದು ಸೊಸೆಗೆ. ಆದ್ದರಿಂದ ‘ನನಗೆ ವಾರಸಾಗಿ ಬಂದ ಹಣ’ ಎಂದು ಆಕೆ ಬರೆದರೆ ಆ ಮಾತು ದಾಖಲೆಗೆ ಹೊಂದುವುದಿಲ್ಲ. ನಾದಿನಿ ತನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟಳೆಂಬ ಸಹಿ ಹಾಕಿದ ಪತ್ರ, ಪತಿ ಆ ಹಣವನ್ನು ಮದುವೆಯ ಚಿನ್ನಕ್ಕಾಗಿ ಪತ್ನಿಗೆ ಕೊಟ್ಟರೆಂಬ ಘೋಷಣೆ, ಅವರಿಬ್ಬರ ಪ್ಯಾನ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ದೃಢೀಕೃತ ಪುಟ ಇಷ್ಟನ್ನೂ ಕ್ರಮವಾಗಿ ಜೋಡಿಸಿರಿ. ವಾರಸಿನ ಹಣಕ್ಕಾಗಲಿ, ಗಂಡ ಹೆಂಡಿರ ಅಥವಾ ಅಣ್ಣ ತಂಗಿಯರ ನಡುವಿನ ಕೊಡುಗೆಗಾಗಲಿ ಪಡೆದವರ ಕೈಯಲ್ಲಿ ತೆರಿಗೆಯಿಲ್ಲ, ಹಾಗಾಗಿ ಇದನ್ನು ಇದ್ದಂತೆಯೇ ಬರೆಯಲು ಹಿಂಜರಿಯಬೇಕಿಲ್ಲ.

ಭತ್ತದ ಸಾಲಿಗೆ ಪಹಣಿ ಒಂದೇ ಸಾಲದು. ಅದು ಹೊಲ ಯಾರದು, ಬೆಳೆ ಯಾವುದು ಎಂದಷ್ಟೇ ಹೇಳುತ್ತದೆ. ದಲಾಲಿ ಅಂಗಡಿಯವರು ಚೀಲದ ಲೆಕ್ಕ, ದರ, ಕಳೆದ ಹಮಾಲಿ ಬರೆದು ಕೊಟ್ಟ ಪಟ್ಟಿ ಮತ್ತು ಹಣ ಖಾತೆಗೆ ಬಂದ ದಾಖಲೆ ಎರಡೂ ಬೇಕು. ಮನೆಯ ಉಳಿತಾಯವನ್ನು ಚಿಕ್ಕದಾಗಿಯೇ ಇಡಿರಿ. ದಾಖಲೆಯಿಲ್ಲದ 25,000ವನ್ನು ಅಧಿಕಾರಿ ಒಪ್ಪಬಹುದು. ಅದನ್ನೇ ಎರಡು ಲಕ್ಷ ಎಂದರೆ ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತದೆ.

ಲೆಕ್ಕಪಟ್ಟಿ ಸಿದ್ಧವಾದ ಮೇಲೆ ಮೂರು ಸಂಗತಿಗಳನ್ನು ಪರೀಕ್ಷಿಸಿರಿ. ಬಿಲ್ಲಿನ ತಾರೀಖಿನ ನಂತರ ತೆಗೆದ ಹಣ ಪಟ್ಟಿಯಲ್ಲಿ ಇರಬಾರದು. ಫೆಬ್ರವರಿ 16ರಂದು ತೆಗೆದದ್ದು ಫೆಬ್ರವರಿ 10ರ ಚಿನ್ನಕ್ಕೆ ಆಗುವುದಿಲ್ಲ. ಪಟ್ಟಿಯಲ್ಲಿರುವ ಹಣವನ್ನೇ ಕಲ್ಯಾಣ ಮಂಟಪಕ್ಕೋ ಅಡುಗೆಯವರಿಗೋ ಕೊಟ್ಟ ಲೆಕ್ಕ ಬೇರೆಡೆ ಇರಬಾರದು. ಮನೆಯ ಖರ್ಚಿಗೆ ಹಣ ಬೇರೆಯಾಗಿ ಬರುತ್ತಿತ್ತೆಂದು ತೋರಬೇಕು, ಇಲ್ಲದಿದ್ದರೆ ಆ ಮೂರು ತಿಂಗಳು ಸಂಸಾರ ಹೇಗೆ ನಡೆಯಿತೆಂಬ ಪ್ರಶ್ನೆ ಖಂಡಿತ ಬರುತ್ತದೆ. ನವೆಂಬರಿನಲ್ಲಿ ತೆಗೆದ ಹಣವನ್ನು ಫೆಬ್ರವರಿಯವರೆಗೆ ಏಕೆ ಇಟ್ಟುಕೊಂಡಿದ್ದಿರಿ ಎಂದೂ ಕೇಳಬಹುದು. ನಿಶ್ಚಿತಾರ್ಥದ ತಾರೀಖು, ಲಗ್ನಪತ್ರಿಕೆ ಇವೇ ಅದಕ್ಕೆ ಉತ್ತರ.

ಕೋರ್ಟಿನ ಮುಂದೆ ಟೈಪು ಮಾಡಿ ಮಾರುವ ಸಿದ್ಧ ಪ್ರಮಾಣಪತ್ರಗಳನ್ನು ದಯವಿಟ್ಟು ಕೊಳ್ಳಬೇಡಿರಿ. ಅವುಗಳಲ್ಲಿ ತಾರೀಖೂ ಇರುವುದಿಲ್ಲ, ಖಾತೆ ಸಂಖ್ಯೆಯೂ ಇರುವುದಿಲ್ಲ. ಹಿಂದಿನ ತಾರೀಖಿನ ಉಯಿಲು ಸೃಷ್ಟಿಸಿಕೊಡುತ್ತೇನೆ ಎನ್ನುವವರಿಂದ ಇನ್ನೂ ದೂರವಿರಿ. ಇ-ಸ್ಟಾಂಪ್ ಕಾಗದದ ಮೇಲೆ ಅದನ್ನು ಪಡೆದ ದಿನ ಅಚ್ಚಾಗಿರುತ್ತದೆ, ಸುಳ್ಳು ಹೇಳಿಕೆಗೆ ಶಿಕ್ಷೆಯೂ ಇದೆ.

ಉತ್ತರವನ್ನು ಒಂದೂವರೆ ಪುಟದಲ್ಲಿ ಮುಗಿಸಿ, ಲಗತ್ತುಗಳಿಗೆ ಲೆಕ್ಕಪಟ್ಟಿಯ ಸಾಲಿನ ಸಂಖ್ಯೆಯನ್ನೇ ಕೊಟ್ಟು, ಜಾಲತಾಣದ e-Proceedings ವಿಭಾಗದಲ್ಲಿ ಸಲ್ಲಿಸಿರಿ. ಉತ್ತರ ಕೊಡದೆ ಬಿಟ್ಟರೆ ಏನಾಗುತ್ತದೆಂಬುದನ್ನೂ ತಿಳಿದಿರಬೇಕು. ಈ ಖರೀದಿಯ ವರ್ಷಕ್ಕೆ ಅನ್ವಯಿಸುವ 1961ರ ಕಾಯ್ದೆಯಂತೆ, ಮೂಲ ತೋರಿಸದ ಹೂಡಿಕೆಗೆ ಶೇ 60 ತೆರಿಗೆ, ಅದರ ಮೇಲೆ ಸರ್ಚಾರ್ಜ್ ಮತ್ತು ಸೆಸ್ ಸೇರಿ ಶೇ 78 ಆಗುತ್ತದೆ. 4,90,000 ರೂಪಾಯಿಗೆ ಅದು 3,82,200. ಬಡ್ಡಿ, ದಂಡ ಬೇರೆ. ನೋಟಿಸ್ ಕಲಂ 148ಎ ಅಡಿಯದಾಗಿದ್ದರೆ, ಉತ್ತರ ಒಪ್ಪಿಗೆಯಾದಾಗ ಪ್ರಕರಣವನ್ನು ಮತ್ತೆ ತೆರೆಯುವ ಅಗತ್ಯವಿಲ್ಲವೆಂಬ ಆದೇಶ ಬರುತ್ತದೆ. ಅದರ ಪ್ರತಿಯನ್ನು ಸ್ವೀಕೃತಿ ಮತ್ತು ಬಿಲ್ಲಿನ ಜೊತೆಯಲ್ಲಿಯೇ ಇಟ್ಟುಕೊಳ್ಳಿರಿ.