ಸ್ಟೀಲ್ ತಟ್ಟೆಯ ಹೊಳಪು ಕೆಡದಂತೆ ಮರದ ಮೇಜಿನ ಹಿನ್ನೆಲೆ

ಬಿಳಿ ಸನ್‌ಮೈಕಾ ಮೇಜಿನ ಮೇಲೆ ತೆಗೆದ ಇಡ್ಲಿ-ವಡೆ ಫೋಟೊವನ್ನು ಫೋಟೋಶಾಪ್‌ನಲ್ಲಿ ಹಳೆ ಮರದ ಹಲಗೆಗಳ ಮೇಲೆ ಕೂರಿಸಿದ ಬಗೆ ಇದು. ತಟ್ಟೆ ಸ್ಟೀಲಿನದು, ಬೆಳಕು ಎಡಗಡೆ ಹಿಂದಿರುವ ಕಿಟಕಿಯದು.

ಮರದ ಚಿತ್ರವನ್ನು ಅಂತರ್ಜಾಲದಲ್ಲಿ ಹುಡುಕಲಿಲ್ಲ. ಹಲಗೆಗಳನ್ನು ಅದೇ ಕಿಟಕಿಯ ಬಳಿ ಇಟ್ಟು, ಅದೇ ಲೆನ್ಸ್‌ನಲ್ಲಿ, ಅದೇ 45 ಡಿಗ್ರಿ ಕೋನದಿಂದ ತೆಗೆದೆ. ನೇರ ಮೇಲಿಂದ ತೆಗೆದ ಮರದ ಮೇಲೆ ಓರೆಯಾಗಿ ಕಾಣುವ ತಟ್ಟೆಯನ್ನಿಟ್ಟರೆ ತಟ್ಟೆ ಜಾರಿ ಬೀಳುವಂತೆ ಕಾಣುತ್ತದೆ. ಆಮೇಲೆ ಏನು ಮಾಡಿದರೂ ಅದು ಸರಿಹೋಗದು.

ತಟ್ಟೆಯನ್ನು ಬೇರ್ಪಡಿಸಲು Remove Background ಒತ್ತಿದರೆ ಅಂಚು ಅಲ್ಲಲ್ಲಿ ಕಚ್ಚಿದಂತಾಗುತ್ತದೆ. ಬಿಳಿ ಮೇಜಿನ ಪಕ್ಕದ ಬಿಳಿ ಹೊಳಪೂ ಹಿನ್ನೆಲೆಯೇ ಎಂದು ಅದು ತಿಳಿಯುವುದರಿಂದ ಹೀಗೆ. ಹಾಗಾಗಿ ಪೆನ್ ಟೂಲ್‌ನಲ್ಲೇ ಸುತ್ತು ಗೆರೆ ಎಳೆದು, ಆಯ್ಕೆಯನ್ನು 1 ಪಿಕ್ಸೆಲ್ ಒಳಕ್ಕೆ ತಂದು, 0.5 ಪಿಕ್ಸೆಲ್ ಫೆದರ್ ಕೊಟ್ಟೆ. ಫೋಕಸ್ ತಪ್ಪಿದ ಹಿಂದಿನ ಅಂಚಿಗೆ ಮಾತ್ರ ಇನ್ನಷ್ಟು ಮೃದುತ್ವ ಬೇಕು.

ನಿಜವಾದ ಕೆಲಸ ಇಲ್ಲಿಂದ ಶುರು. ತಟ್ಟೆಯಲ್ಲಿರುವ ಹೊಳಪು ಎರಡು ಬಗೆಯದು. ಒಂದು ಕಿಟಕಿಯದು, ಅದು ಇದ್ದ ಹಾಗೇ ಉಳಿಯಬೇಕು. ಇನ್ನೊಂದು ಹಳೆಯ ಬಿಳಿ ಮೇಜಿನ ಪ್ರತಿಬಿಂಬ, ಅದು ಹೋಗಲೇಬೇಕು. ಕಂದು ಮರದ ಮೇಲಿರುವ ತಟ್ಟೆಯ ಹೊರಬದಿ ಬಿಳಿಯಾಗಿ ಬೆಳಗಿದರೆ ಯಾರಿಗಾದರೂ ಅಂಟಿಸಿದ್ದೆಂದು ಗೊತ್ತಾಗುತ್ತದೆ. ಐಡ್ರಾಪರ್ ಇಟ್ಟು ನೋಡಿದಾಗ ಕಿಟಕಿಯ ಹೊಳಪು 250ರ ಮೇಲಿತ್ತು, ಮೇಜಿನ ಪ್ರತಿಬಿಂಬ 180–210ರ ಆಸುಪಾಸು.

ಈ ಅಂತರವನ್ನೇ ಬಳಸಿಕೊಂಡೆ. ತಟ್ಟೆಗೆ ಕ್ಲಿಪ್ ಮಾಡಿದ ಹೊಸ ಲೇಯರನ್ನು Multiply ಮಾಡಿ, ತಟ್ಟೆಯ ಮುಂದಿನ ಮರದಿಂದಲೇ ಬಣ್ಣ ತೆಗೆದುಕೊಂಡು, ಹೊರಬದಿಯ ಮೇಲೆ ಮೆತ್ತನೆ ಬ್ರಷ್ ಆಡಿಸಿ, ಒಪಾಸಿಟಿಯನ್ನು 50%ಕ್ಕೆ ಇಳಿಸಿದೆ. ಆಮೇಲೆ Blend If ತೆರೆದು, Underlying Layer ಸಾಲಿನ ಬಿಳಿ ಗುಂಡಿಯನ್ನು Alt ಒತ್ತಿ ಸೀಳಿ, 215 ಮತ್ತು 245ರಲ್ಲಿ ನಿಲ್ಲಿಸಿದೆ. ಕಂದು ಛಾಯೆ ಪ್ರತಿಬಿಂಬಕ್ಕೆ ಹಿಡಿಯಿತು, ಕಿಟಕಿಯ ಹೊಳಪಿನ ಹತ್ತಿರ ತಾನೇ ಕರಗಿತು. ಇದರ ಬದಲು ಇಡೀ ತಟ್ಟೆಗೆ ಬೆಚ್ಚನೆಯ ಫಿಲ್ಟರ್ ಹಾಕಿದರೆ ಕಿಟಕಿಯ ಹೊಳಪೂ ಹಳದಿಗೆ ತಿರುಗಿ, ಸ್ಟೀಲು ಹಿತ್ತಾಳೆಯಂತಾಗುತ್ತದೆ.

ನೆರಳನ್ನು ಬರೆಯುವ ಬದಲು ಮೂಲ ಫೋಟೊದಿಂದಲೇ ಪಡೆದೆ. ಅದರ ಪ್ರತಿಯನ್ನು ಕಪ್ಪು-ಬಿಳುಪು ಮಾಡಿ, Levelsನಲ್ಲಿ ಮೇಜು ಪೂರ್ತಿ ಬಿಳಿಯಾಗುವ ತನಕ ಎಳೆದು, ಮರದ ಮೇಲೆ Multiply ಇಟ್ಟರೆ ನೆರಳಷ್ಟೇ ಉಳಿಯುತ್ತದೆ. ಬಿಳಿ ಮೇಜಿನಿಂದ ಚಿಮ್ಮಿದ ಬೆಳಕು ತಟ್ಟೆಯ ತಳದ ನೆರಳನ್ನು ತೆಳುವಾಗಿಸಿರುತ್ತದೆ. ಅಲ್ಲಿ ಮಾತ್ರ ಒಂದು ಸಣ್ಣ ಕಡುಗೆರೆ ಸೇರಿಸಬೇಕು.

ಮೇಜಿನ ಪ್ರತಿಬಿಂಬವೂ 255 ಮುಟ್ಟಿದ್ದರೆ ಈ ವಿಧಾನ ನಡೆಯುವುದಿಲ್ಲ, Blend Ifಗೆ ಎರಡೂ ಒಂದೇ. ಅಂಥ ಫೋಟೊವನ್ನು ತಟ್ಟೆಯ ಸುತ್ತ ಕಂದು ಚಾರ್ಟ್ ಕಾಗದ ಹಾಸಿ ಮತ್ತೆ ತೆಗೆಯುವುದೇ ಸುಲಭ.